ಒಳ್ಳೆಣ್ಣೆಗೆ ಇಂಗ್ಲಿಷಿನಲ್ಲಿ ಏನನ್ನಬೇಕು? (ಉಪ್ಪಿನಕಾಯಿ ಚೀಟಿಯ ಪದಗಳು)

ಎಲ್ಲರಿಗೂ ನಮಸ್ಕಾರ,

ಹಾಸನದ ಕಡೆ ನಮ್ಮ ಚಿಕ್ಕಮ್ಮ ಮತ್ತೆ ಅವರ ಜೊತೆಗಿನ ನಾಲ್ಕು ಜನ ಹೆಂಗಸರು ಸೇರಿ ಮಾವಿನ ಹೋಳಿನ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಈಗ ಅಮೆರಿಕದ ಒಬ್ಬ ಅಂಗಡಿಯವರು 200 ಬಾಟಲಿ ಕೇಳಿದ್ದಾರೆ. ಚೀಟಿ ಇಂಗ್ಲಿಷಿನಲ್ಲಿ ಬೇಕಂತೆ. ಊರಿನ ಡಿಟಿಪಿ ಅಂಗಡಿಯಲ್ಲಿ ಒಂದು ಸಲ ಮಾಡಿಸಿದ್ದಾಯಿತು, ಅದನ್ನು ಓದಿ ನಗಬೇಕೋ ಅಳಬೇಕೋ ಗೊತ್ತಾಗದೆ ಕೆಲಸ ನನ್ನ ತಲೆಗೆ ಬಂದಿದೆ.

ಕನ್ನಡದ ಚೀಟಿ ಹೀಗಿದೆ: ಮಾವಿನಕಾಯಿ, ಉಪ್ಪು, ಮೆಣಸಿನಕಾಯಿ ಪುಡಿ, ಒಳ್ಳೆಣ್ಣೆ, ಸಾಸಿವೆ, ಮೆಂತ್ಯ, ಅರಿಶಿನ, ಇಂಗು. ಕೆಳಗೆ ಒಂದು ಸಾಲು: "ನಂಜಿನವರು ಮಿತವಾಗಿ ಬಳಸಿ."

ಡಿಟಿಪಿಯವರು ಒಳ್ಳೆಣ್ಣೆಗೆ "ಗುಡ್ ಆಯಿಲ್" ಅಂತ ಹಾಕಿದ್ದಾರೆ. ನಂಜಿನವರು ಅನ್ನೋದು "ಪಾಯ್ಸನ್ ಪೀಪಲ್" ಆಗಿದೆ. ಇದನ್ನು ಕಸ್ಟಮ್ಸಿನವರು ನೋಡಿದ್ದರೆ ಏನು ಕಥೆ ಅಲ್ವಾ.

ಒಳ್ಳೆಣ್ಣೆಗೆ ಜಿಂಜೆಲಿ ಆಯಿಲ್ ಸರಿಯೋ, ಸೆಸಮಿ ಆಯಿಲ್ ಸರಿಯೋ? ಇಂಗಿಗೆ ಬರೀ ಅಸಫೆಟಿಡಾ ಸಾಕಾ? ನಂಜಿಗೆ ಅಲರ್ಜಿ ಅಂತ ಹಾಕಬಹುದಾ?

ಮೈಸೂರಿನಿಂದ ಉತ್ತರ

ಒಳ್ಳೆಣ್ಣೆ ಅಂದರೆ ಎಳ್ಳೆಣ್ಣೆ, ಇದರಲ್ಲಿ ಚರ್ಚೆ ಮಾಡೋಕೇನಿದೆ. ತಮಿಳಿನಲ್ಲೂ ನಲ್ಲೆಣ್ಣೆ ಅಂತಲೇ ಅನ್ನುತ್ತಾರೆ. ಜಿಂಜೆಲಿ ಅಂತ ಹಾಕಿ, ಅದೇ ನಮ್ಮ ಕಡೆಯ ಹಳೇ ಇಂಗ್ಲಿಷು. ಅಲರ್ಜಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಎಣ್ಣೆಯಲ್ಲಿ ಪ್ರೋಟೀನ್ ಇರಲ್ಲ, ಅಲರ್ಜಿ ಬರೋದು ಪ್ರೋಟೀನಿನಿಂದ.

ವಿಜಯಪುರದಿಂದ

ಹಂಗಂತ ಹೇಳಾಕ ಬರಂಗಿಲ್ಲ ನೋಡ್ರಿ. ನಮ್ಮ ಮನ್ಯಾಗ ಒಳ್ಳೆಣ್ಣಿ ಅಂದ್ರ ಅಡಗಿ ಎಣ್ಣಿ, ಅಂದ್ರ ಶೇಂಗಾ ಎಣ್ಣಿ. ಔಡಲೆಣ್ಣಿ, ಚಿಮಣಿ ಎಣ್ಣಿ ಅಲ್ಲ, ತಿನ್ನೂ ಎಣ್ಣಿ ಅನ್ನೂ ಅರ್ಥದಾಗ. ನಮ್ಮ ಅವ್ವ ಇವತ್ತಿಗೂ ಹಂಗ ಅಂತಾಳ. ನಿಮ್ಮ ಚಿಕ್ಕಮ್ಮಗ ಒಂದು ಫೋನ್ ಮಾಡ್ರಿ ಮದಲ.

ಬೆಂಗಳೂರಿನಿಂದ (ರಫ್ತಾಗುವ ತಿಂಡಿಗಳ ಚೀಟಿ ನೋಡುವ ಕೆಲಸ ನನ್ನದು)

ಮೇಲಿನವರು ಹೇಳಿದ್ದು ಸರಿ, ಮೊದಲು ಫೋನ್ ಮಾಡಿ. ಶೇಂಗಾ ಎಣ್ಣೆ ಆಗಿದ್ದರೆ ಚೀಟಿಯೇ ಬೇರೆ ಆಗುತ್ತೆ.

ಎಳ್ಳೆಣ್ಣೆಯೇ ಅಂತಿಟ್ಟುಕೊಂಡು ಹೇಳುತ್ತೇನೆ. ಜಿಂಜೆಲಿ ಅಂತ ಮಾತ್ರ ಹಾಕಬೇಡಿ. 2023ರ ಜನವರಿ 1ರಿಂದ ಅಮೆರಿಕದಲ್ಲಿ ಎಳ್ಳು ಒಂಬತ್ತನೆಯ ಮುಖ್ಯ ಅಲರ್ಜಿ ಪದಾರ್ಥ. ಚೀಟಿಯಲ್ಲಿ ಸೆಸಮಿ ಅನ್ನೋ ಮಾತೇ ಇರಬೇಕು. ಜಿಂಜೆಲಿ, ತಿಲ್ ಎಲ್ಲ ಅಲ್ಲಿಯ ತಾಯಂದಿರಿಗೆ ಗೊತ್ತಿರಲ್ಲ. ಮಗುವಿಗೆ ಎಳ್ಳು ಆಗಲ್ಲ ಅಂತ ಬಾಟಲಿ ತಿರುಗಿಸಿ ನೋಡುವವರು ಹುಡುಕೋದು ಆ ಒಂದು ಪದ. ನಮ್ಮ ದೇಶದ 2020ರ ಚೀಟಿ ನಿಯಮದ ಅಲರ್ಜಿ ಪಟ್ಟಿಯಲ್ಲಿ ಎಳ್ಳೂ ಇಲ್ಲ, ಸಾಸಿವೆಯೂ ಇಲ್ಲ, ಹಾಗಾಗಿ ಇಲ್ಲಿಯ ಚೀಟಿಯನ್ನು ಹಾಗೇ ಇಂಗ್ಲಿಷಿಗೆ ತಂದರೆ ಅದು ತಾನಾಗೇ ಬಿಟ್ಟುಹೋಗುತ್ತೆ.

ಎಣ್ಣೆಯಲ್ಲಿ ಪ್ರೋಟೀನ್ ಇರಲ್ಲ ಅನ್ನೋದು ಅರ್ಧ ನಿಜ. ಕಾರ್ಖಾನೆಯಲ್ಲಿ ಪೂರ್ತಿ ರಿಫೈನ್ ಆದ ಎಣ್ಣೆಗೆ ಅಮೆರಿಕದ ನಿಯಮ ವಿನಾಯಿತಿ ಕೊಡುತ್ತೆ. ಗಾಣದ ಎಣ್ಣೆಗೆ ಅದು ಸಲ್ಲೋದಿಲ್ಲ. ಘಮ ಬರುವ ಎಣ್ಣೆ ಅಂದರೇನೇ ಅದರಲ್ಲಿ ಎಳ್ಳಿನ ಅಂಶ ಉಳಿದಿದೆ ಅಂತ ಲೆಕ್ಕ.

ಇಂಗಿನ ಡಬ್ಬಿ ತಿರುಗಿಸಿ ನೋಡಿ. ಸಾಮಾನ್ಯವಾಗಿ ಅದು ಬರೀ ಇಂಗಲ್ಲ, ಮೈದಾನೋ ಅಕ್ಕಿ ಹಿಟ್ಟೋ ಗೋಂದೋ ಸೇರಿಸಿ ಮಾಡಿದ್ದು. ಮೈದಾ ಇದ್ದರೆ ಗೋಧಿ ಬಂತು. ಮೈದಾ ಅಂತಲೋ ಬರೀ ಫ್ಲೋರ್ ಅಂತಲೋ ಬರೆದರೆ ಸಾಲದು, ವೀಟ್ ಅಂತ ಕಾಣಬೇಕು.

ಮಂಗಳೂರಿನಿಂದ

ನನಗೂ ಇಂಗು ಆಗುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ಹಾಗಾದರೆ ಅದು ಗೋಧಿಯ ಅಲರ್ಜಿಯಾ? ಆದರೆ ಚಪಾತಿ ದಿನಾ ತಿನ್ನುತ್ತೇನಲ್ಲ. ಇನ್ನೊಂದು, ನಮ್ಮಲ್ಲಿ ಮೆಣಸು ಅಂದರೆ ಕೆಂಪು ಮೆಣಸು, ಘಟ್ಟದ ಮೇಲೆ ಅದು ಕರಿಮೆಣಸು. ಇಂಗ್ಲಿಷಿಗೆ ಹಾಕುವಾಗ ಪೆಪ್ಪರ್ ಅಂತ ಬರೆದುಬಿಟ್ಟೀರಿ ಮತ್ತೆ.

ಮತ್ತೆ ನಾನು

ಫೋನ್ ಮಾಡಿದೆ. "ಚಿಕ್ಕಮ್ಮ, ಒಳ್ಳೆಣ್ಣೆ ಅಂದ್ರೆ ಯಾವ ಎಣ್ಣೆ ಹಾಕ್ತೀರ?" ಅಂದೆ. "ಅದೇನ್ ಪ್ರಶ್ನೆಯೋ, ಒಳ್ಳೆಣ್ಣೆ ಅಂದ್ರೆ ಒಳ್ಳೆಣ್ಣೇನೇ" ಅಂದರು. ಗಾಣದ್ದಾ ಅಂದರೆ ಹೌದು, ಎಳ್ಳು ಕೊಟ್ಟು ಆಡಿಸಿಕೊಂಡು ಬರುತ್ತಾರಂತೆ. ಅಷ್ಟಕ್ಕೇ ಸಮಾಧಾನ ಆಗಿ ಫೋನ್ ಇಡುವವನಿದ್ದೆ. ಅಷ್ಟರಲ್ಲಿ ಅವರೇ, "ಒಗ್ಗರಣೆಗೆ ಮಾತ್ರ ಕಡಲೆ ಎಣ್ಣೆ, ಎಳ್ಳು ಈ ಸಲ ಜಾಸ್ತಿ ರೇಟು" ಅಂದರು. ಕಡಲೆ ಎಣ್ಣೆ! ಕಡಲೆ ಅಂದರೆ ಕಡಲೆಬೇಳೆಯ ಕಡಲೆಯೂ ಆಗುತ್ತೆ, ಕಡಲೆಕಾಯಿಯೂ ಆಗುತ್ತೆ, ಆದರೆ ಎಣ್ಣೆ ಬರೋದು ಎರಡನೆಯದರಿಂದ. ಡಿಟಿಪಿಯವರ ಕೈಗೆ ಸಿಕ್ಕಿದ್ದರೆ "ಗ್ರಾಮ್ ಆಯಿಲ್" ಆಗಿ, ಕಡಲೆಕಾಯಿ ಆಗದವರು ಧೈರ್ಯವಾಗಿ ತಿನ್ನುತ್ತಿದ್ದರು. ಚೀಟಿಯಲ್ಲಿ ಇಲ್ಲದ ಎಣ್ಣೆ ಬಾಟಲಿಯಲ್ಲಿತ್ತು!

ಇಂಗಿನ ಡಬ್ಬಿಯ ಫೋಟೊ ಕಳಿಸಿದರು. ಮೈದಾ ಇದೆ.

ಹಾಗಾಗಿ ಪಟ್ಟಿಯಲ್ಲಿ ಸೆಸಮಿ ಆಯಿಲ್, ಪೀನಟ್ ಆಯಿಲ್ ಬೇರೆ ಬೇರೆ ಬರೆದು, ಇಂಗಿನ ಮುಂದೆ ಆವರಣದಲ್ಲಿ ವೀಟ್ ಫ್ಲೋರ್ ಹಾಕಿ, ಕೆಳಗೆ "ಕಂಟೇನ್ಸ್: ವೀಟ್, ಪೀನಟ್, ಸೆಸಮಿ" ಅಂತ ಒಂದು ಸಾಲು ಇಡೋಣ ಅಂತಿದ್ದೇನೆ. ಅಲ್ಲದೆ ಒಗ್ಗರಣೆಗೂ ಎಳ್ಳೆಣ್ಣೆಯನ್ನೇ ಹಾಕಿ ಅಂತ ಚಿಕ್ಕಮ್ಮನಿಗೆ ಹೇಳಿ ನೋಡಿದೆ. ರೇಟು ನೀನು ಕೊಡ್ತೀಯಾ ಅಂದರು.

ಬೆಂಗಳೂರಿನಿಂದ

ಸಾಲು ಸರಿಯಿದೆ. ಸಾಸಿವೆಯನ್ನು ಮಸಾಲೆ ಅಂತ ಗುಂಪಿಗೆ ಸೇರಿಸಿಬಿಡಬೇಡಿ, ಹೆಸರು ಹಾಕಿ. ಅಮೆರಿಕದ ಒಂಬತ್ತರಲ್ಲಿ ಅದು ಇಲ್ಲ, ಆದರೆ ಕೆನಡಾ, ಬ್ರಿಟನ್, ಯುರೋಪಿನಲ್ಲಿ ಇದೆ. ನಾಳೆ ಅದೇ ಬಾಟಲಿ ಲಂಡನ್ನಿಗೆ ಹೋದರೆ ತೊಂದರೆ.

ಇನ್ನೊಂದು ಮಾತು, ಇದು ಪದದ ಪಟ್ಟಿಗೆ ಹೊರಗಿನದು ಅನ್ನಿಸಿದರೂ ನಿಮಗೆ ಬೇಕಾದ್ದು. ಬಾಟಲಿ ಮೇಲೆ ಕನ್ನಡವನ್ನೂ ಉಳಿಸುತ್ತೀರಾ? ಅಮೆರಿಕದ ನಿಯಮದ ಪ್ರಕಾರ ಚೀಟಿಯಲ್ಲಿ ಬೇರೆ ಭಾಷೆಯ ಬರಹ ಇದ್ದರೆ, ಕಡ್ಡಾಯದ ಮಾಹಿತಿಯೆಲ್ಲ ಆ ಭಾಷೆಯಲ್ಲೂ ಇರಬೇಕು. ಹಾಗಾಗಿ ಕನ್ನಡದ ಪಟ್ಟಿಯನ್ನೂ ತಿದ್ದಿ: ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆ, ಇಂಗಿನಲ್ಲಿ ಗೋಧಿ. ಒಳ್ಳೆಣ್ಣೆ ಅನ್ನೋ ಚೆಂದದ ಮಾತು ಹೋಗುತ್ತೆ, ಏನು ಮಾಡೋದು.

ಮೈಸೂರಿನಿಂದ

ಜಿಂಜೆಲಿ ವಾಪಸ್ ತಗೊಂಡೆ. ಆದರೆ ನಂಜಿನ ವಿಷಯದಲ್ಲಿ ಒಂದು ಮಾತು. ನಂಜು ಅಲರ್ಜಿ ಅಲ್ಲ. ನಮ್ಮಜ್ಜಿ ಗಾಯ ಆದಾಗ ಬದನೆಕಾಯಿ, ಮಾವಿನಕಾಯಿ ಕೊಡುತ್ತಿರಲಿಲ್ಲ, ನಂಜಾಗುತ್ತೆ ಅಂತ. ಗಾಯ ಕೀವು ಕಟ್ಟಿ ಬೇಗ ಮಾಯಲ್ಲ ಅನ್ನೋದು ಅದರ ಅರ್ಥ. ಮೂಲದಲ್ಲಿ ವಿಷ ಅನ್ನೋದೂ ನಿಜ, ಆದ್ದರಿಂದ ಡಿಟಿಪಿಯವನನ್ನು ಪೂರ್ತಿ ಬೈಯೋಕೂ ಆಗಲ್ಲ.

ವಿಜಯಪುರದಿಂದ

ಆದ್ರ ಮೈ ತುರಿಸಿ ದದ್ದು ಎದ್ದರೂ ನಂಜು ಅಂತಾರಲ್ರಿ ನಮ್ಮ ಕಡೆ ಕೆಲವ್ರು. ಅದು ಅಲರ್ಜಿನ ಆತಲ್ಲ?

ನಾನು

ಆ ಸಾಲನ್ನೇ ಇಂಗ್ಲಿಷಿನಲ್ಲಿ ಬಿಟ್ಟುಬಿಡೋಣ ಅಂತ ಚಿಕ್ಕಮ್ಮನಿಗೆ ಹೇಳಿದೆ. ಒಪ್ಪಲಿಲ್ಲ. ಗಾಯ ಆದೋರು ತಿಂದು ಹೆಚ್ಚಾದ್ರೆ ಅಲ್ಲಿಂದ ನನ್ನನ್ನ ಬೈತಾರೆ, ಹಾಕಲೇಬೇಕು ಅಂದರು. ಚೀಟಿ ಶುಕ್ರವಾರ ಪ್ರೆಸ್ಸಿಗೆ ಹೋಗಬೇಕು, ಅಷ್ಟರೊಳಗೆ ಯಾರಿಗಾದರೂ ಏನಾದರೂ ಹೊಳೆದರೆ ಬರೆಯಿರಿ.