ಕ್ಲಬ್‌ಹೌಸ್ ಚಾರ್ಜರ್ ಬಿಲ್: ಐಡಲ್ ಫೀ ವಿಷ್ಯ ಎಲ್ಲರೂ ನೋಡಿ

ಶೈಲಜಾ, 3ನೇ ಕ್ರಾಸ್
ಎಲ್ರಿಗೂ ನಮಸ್ಕಾರ. ಕ್ಲಬ್‌ಹೌಸ್ ಮುಂದಿನ ಚಾರ್ಜರಲ್ಲಿ ನಿನ್ನೆ ರಾತ್ರಿ ಕಾರ್ ಹಾಕಿದ್ದೆ, 660 ರೂಪಾಯಿ 56 ಪೈಸೆ ಕಟ್ ಆಗಿದೆ! ಯೂನಿಟ್‌ಗೆ 12 ಅಂತ ಬೋರ್ಡಲ್ಲಿದೆ, ನಾನು ತುಂಬ್ಸಿದ್ದು 20.4 ಯೂನಿಟ್. ಅದೂ ಕಾರ್ ಒಳಗೆ ನೋಡಿದ್ರೆ 18.3 ಅಷ್ಟೇ ಬಂದಿದೆ ಅಂತ ತೋರಿಸ್ತಿದೆ. ಯಾರಿಗಾದ್ರೂ ಹೀಗೆ ಆಗಿದ್ಯಾ? ಮೈಸೂರಲ್ಲಿ ಪೆಟ್ರೋಲೇ ವಾಸಿ ಅನ್ಸೋ ಹಂಗಾಯ್ತು.

ನಾಗರಾಜ್, 1ನೇ ಮೇನ್
ಇದು ಹಗಲು ದರೋಡೆ ಕಣಮ್ಮಾ. ನಮ್ಮ ಸೆಸ್ಕ್ ಇವಿ ದರ 12ಕ್ಕಿಂತ ಎಷ್ಟೋ ಕಮ್ಮಿ, ಅದಕ್ಕಿಂತ ಜಾಸ್ತಿ ತಗೊಳ್ಳೋದೇ ಇಲ್ಲೀಗಲ್. ಮೇಲೆ 60 ರೂಪಾಯಿ ಮಿನಿಮಮ್ ಬೇರೆ ಸೇರ್ಸಿರ್ತಾರೆ ನೋಡಿ.

ರುಕ್ಮಿಣಿ, 3ನೇ ಕ್ರಾಸ್
ನಮ್ಮನೇಲೂ ಈ ತಿಂಗ್ಳು ಕರೆಂಟ್ ಬಿಲ್ ಜಾಸ್ತಿ ಬಂದಿದೆ, ಮಗ ಸ್ಕೂಟರ್ ಚಾರ್ಜ್‌ಗೆ ಹಾಕಿ ಬಿಡ್ತಾನೆ ರಾತ್ರಿಯೆಲ್ಲಾ. ಅದಕ್ಕೂ ಐಡಲ್ ಫೀ ಹಾಕ್ತಾರಾ?

ಪ್ರಶಾಂತ್, 5ನೇ ಕ್ರಾಸ್
ಇಲ್ಲ ಆಂಟಿ, ಅದು ನಿಮ್ಮನೆ ಮೀಟರು, ಯೂನಿಟ್ ಎಷ್ಟು ಉರೀತೋ ಅಷ್ಟೇ ದುಡ್ಡು. ಐಡಲ್ ಫೀ ಅಂದ್ರೆ ಚಾರ್ಜ್ ಆಗ್ದೆ ಕಾರ್ ಸುಮ್ನೆ ನಿಂತಿದ್ದಕ್ಕೆ ಹಾಕೋ ದುಡ್ಡು, ಅದು ಬರೋದು ಕಂಪನಿ ನಡ್ಸೋ ಚಾರ್ಜರಲ್ಲಿ ಮಾತ್ರ.

ಶೈಲಜಾ ಮೇಡಂ, ಆ್ಯಪಲ್ಲಿ ಸೆಶನ್ ಡೀಟೇಲ್ ತೆಗ್ದು ಸ್ಕ್ರೀನ್‌ಶಾಟ್ ಹಾಕ್ತೀರಾ? ಹಾಕಿದ ಟೈಮು, ಚಾರ್ಜ್ ಮುಗಿದ ಟೈಮು, ಗನ್ ತೆಗೆದ ಟೈಮು ಮೂರೂ ಬೇಕು. ನಾನು ಚಾರ್ಜರ್ ಹಾಕ್ಸೋ ಕೆಲ್ಸದಲ್ಲೇ ಇರೋದು, ಈ ಕಂಪನಿ ಅಲ್ಲ ಮತ್ತೆ.

ಶೈಲಜಾ, 3ನೇ ಕ್ರಾಸ್
ಹಾಕಿದ್ದೀನಿ ನೋಡಿ. ರಾತ್ರಿ 10:40ಕ್ಕೆ ಶುರು, 1:30ಕ್ಕೆ ಫುಲ್, ಬೆಳಗ್ಗೆ 7:00ಕ್ಕೆ ತೆಗ್ದೆ.

ಪ್ರಶಾಂತ್, 5ನೇ ಕ್ರಾಸ್
ಸರಿ, ಕರೆಂಟಿಂದು 20.4 × 12, ಅಂದ್ರೆ 244.80. 1:30ಯಿಂದ 7ರ ತನಕ 330 ನಿಮಿಷ ಕಾರ್ ಸುಮ್ನೆ ನಿಂತಿದೆ, ಮೊದಲ 15 ನಿಮಿಷ ಫ್ರೀ, ಉಳಿದ 315ಕ್ಕೆ ನಿಮಿಷಕ್ಕೊಂದು ರೂಪಾಯಿ. ಎರಡೂ ಸೇರಿ 559.80, ಅದರ ಮೇಲೆ 18% ಜಿಎಸ್‌ಟಿ 100.76. ಟೋಟಲ್ 660.56, ಲೆಕ್ಕ ಸರಿಯಾಗೇ ಇದೆ. ಬೇಜಾರೇನಂದ್ರೆ ಕರೆಂಟಿಗಿಂತ ನಿಂತಿದ್ದಕ್ಕೇ ಜಾಸ್ತಿ ಹೋಗಿದೆ.

ಕಾರಲ್ಲಿ 18.3 ತೋರ್ಸೋದು ಮೋಸ ಅಲ್ಲ. ಇದು ಎಸಿ ಚಾರ್ಜರು, ಬಿಲ್ಲು ಚಾರ್ಜರ್ ಮೀಟರಲ್ಲಿ ಆಗತ್ತೆ, ಆ ಎಸಿ ಕರೆಂಟನ್ನ ಡಿಸಿ ಮಾಡೋದು ಕಾರೊಳಗಿನ ಚಾರ್ಜರು, ಅಲ್ಲಿ ಬಿಸಿಯಾಗಿ ಹತ್ತು ಪರ್ಸೆಂಟ್ ಆಸುಪಾಸು ಹೋಗೋದು ಮಾಮೂಲಿ. 25 ಪರ್ಸೆಂಟ್ ವ್ಯತ್ಯಾಸ ಬಂತು ಅಂದ್ರೆ ಆಗ ಮೀಟರ್ ಚೆಕ್ ಮಾಡ್ಸಿ ಅಂತ ಜಗಳ ಆಡ್ಬೋದು.

ನಾಗರಾಜ್ ಸರ್, ಸೆಸ್ಕ್ ದರ ಕಮ್ಮಿ ಅನ್ನೋದು ನಿಜ, ಆದ್ರೆ ಅದು ಕಂಪನಿಗೆ ಸೆಸ್ಕ್ ಹಾಕೋ ದರ. ಚಾರ್ಜ್ ಮಾಡಿ ಕೊಡೋದು ಸರ್ವೀಸು, ಕರೆಂಟ್ ಮಾರಾಟ ಅಲ್ಲ ಅಂತ ಕೇಂದ್ರದ ಪವರ್ ಮಿನಿಸ್ಟ್ರಿ 2018ರಲ್ಲೇ ಹೇಳಿದೆ. ಅದಕ್ಕೇ ಜಿಎಸ್‌ಟಿನೂ ಬೀಳೋದು. 2023ರಲ್ಲಿ ನಮ್ಮ ಸೆಸ್ಕ್‌ನವ್ರೇ ಕರ್ನಾಟಕ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಹೋಗಿ ಕೇಳಿದ್ರು, ಯೂನಿಟ್ ದುಡ್ಡು ಸೇರ್ಸಿ ಪೂರ್ತಿಗೆ 18% ಅಂತ ಬಂತು. ಇನ್ನು ಆ 60 ರೂಪಾಯಿ ಈ ಬಿಲ್ಲಲ್ಲಿ ಇಲ್ವೇ ಇಲ್ಲ, ಅದು ಮೇಲೆ ಸೇರೋ ದುಡ್ಡಲ್ಲ. ಕರೆಂಟಿನ ಲೆಕ್ಕ 60ಕ್ಕಿಂತ ಕೆಳಗಿದ್ರೆ 60 ಮಾಡ್ತಾರೆ, ಮೇಲಿದ್ರೆ ಮುಟ್ಟಲ್ಲ.

ನಾಗರಾಜ್, 1ನೇ ಮೇನ್
ಹಂಗಾದ್ರೆ 5 ಯೂನಿಟ್ ತನಕ ಒಂದೇ ರೇಟು ಅನ್ನಿ. ಆದ್ರೂ ಸರ್ವೀಸು ಅಂತ ಹೆಸ್ರಿಟ್ಟು ಬಾಯಿಗೆ ಬಂದ ರೇಟ್ ಹೇಳೋದು ನಂಗೆ ಒಪ್ಪಿಗೆ ಇಲ್ಲ.

ಇಮ್ರಾನ್, 4ನೇ ಮೇನ್
ಮಿನಿಮಮ್ಮಲ್ಲಿ ನಂಗೆ ಬೇರೆ ಥರ ಏಟು ಬಿದ್ದಿದೆ. ಮೊನ್ನೆ ಮಳೆಗೆ ಎರಡು ಸಲ ಕರೆಂಟ್ ಹೋಗಿ ಬಂತಲ್ಲ, ಪ್ರತಿ ಸಲ ಇಳ್ಕೊಂಡು ಹೋಗಿ ಆ್ಯಪಲ್ಲಿ ಮತ್ತೆ ಸ್ಟಾರ್ಟ್ ಮಾಡ್ಬೇಕಾಯ್ತು, ಮೂರು ಸೆಶನ್ ಅಂತ ಬಂದಿದೆ. 1.2 ಯೂನಿಟ್, ಆಮೇಲೆ 0.4, ಆಮೇಲೆ 8. ಮೊದಲನೇ ಎರಡಕ್ಕೂ 60, 60 ಹಾಕಿದ್ದಾರೆ. 0.4 ಯೂನಿಟ್‌ಗೆ 60 ರೂಪಾಯಿ, ಇದು ಯಾವ ನ್ಯಾಯ ರೀ?

ಪ್ರಶಾಂತ್, 5ನೇ ಕ್ರಾಸ್
ಇದು ಗಟ್ಟಿ ಕೇಸು. ಒಟ್ಟು 9.6 ಯೂನಿಟ್, ಒಂದೇ ಸೆಶನ್ ಆಗಿದ್ರೆ 115.20, ಈಗ ಆಗಿರೋದು 216. 100 ರೂಪಾಯಿ 80 ಪೈಸೆ ಸುಮ್ನೆ ಹೋಯ್ತು, ಜಿಎಸ್‌ಟಿ ಬೇರೆ. ಸೆಶನ್ ಯಾಕೆ ನಿಂತಿತು ಅಂತ ಚಾರ್ಜರೇ ಸರ್ವರ್‌ಗೆ ಬರೆದು ಕಳ್ಸತ್ತೆ. ಕರೆಂಟ್ ಹೋದ್ರೆ `PowerLoss`, ನೀವೇ ಗನ್ ಕಿತ್ರೆ `EVDisconnected`. ಕಂಪನಿ ಹತ್ರ ಆ ಕಾರಣ ಬರಹದಲ್ಲಿ ಕೇಳಿ. `PowerLoss` ಅಂತ ಇದ್ರೆ ತಪ್ಪು ನಿಮ್ದಲ್ಲ ಅಂತ ಅವ್ರ ದಾಖಲೆಯಲ್ಲೇ ಇರತ್ತೆ.

ದೀಪಾ, 2ನೇ ಮೇನ್
ಎಲ್ರೂ ಐಡಲ್ ಫೀ ತೆಗೀರಿ ಅಂತ ಶುರು ಮಾಡೋಕೆ ಮುಂಚೆ ನನ್ದೊಂದು ಮಾತು. ಇರೋದೇ ಎರಡು ಗನ್ನು. ಬೆಳಗ್ಗೆ ಆರಕ್ಕೆ ಬೆಂಗ್ಳೂರಿಗೆ ಹೊರಡೋಳು ನಾನು, ಐದಕ್ಕೆ ಬಂದು ನೋಡಿದ್ರೆ ಎರಡ್ರಲ್ಲೂ ಫುಲ್ ಆದ ಕಾರ್ ನಿಂತಿರತ್ತೆ, ಗನ್ ಲಾಕ್ ಆಗಿರತ್ತೆ, ಓನರ್ ಫೋನ್ ಎತ್ತಲ್ಲ. ಫೀ ಇರ್ಲೇಬೇಕು. ನಂಗೆ ಅರ್ಥ ಆಗ್ದೆ ಇರೋದು ಬೇರೆ, ನನ್ ಕಾರಲ್ಲಿ ರಾತ್ರಿ 12ಕ್ಕೆ ಚಾರ್ಜ್ ಶುರು ಆಗ್ಲಿ ಅಂತ ಸೆಟ್ಟಿಂಗ್ ಇಟ್ಟಿದ್ದೆ, ಹತ್ತು ಗಂಟೆಗೆ ಹಾಕಿದ್ದಕ್ಕೆ ಹತ್ತೂಕಾಲಿಂದಾನೇ ಫೀ ಓಡಿದೆ!

ಪ್ರಶಾಂತ್, 5ನೇ ಕ್ರಾಸ್
ಅದು ಟೈಮರ್ ಕಾಟ. ಕಾರು ಈಗ ಬೇಡ ಅಂದಾಗ ಚಾರ್ಜರ್ ತೋರ್ಸೋದು `SuspendedEV`, ಬ್ಯಾಟರಿ ಫುಲ್ ಆದಾಗ್ಲೂ ಸಾಮಾನ್ಯವಾಗಿ ಅದೇ. ಚಾರ್ಜರ್‌ಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಸಾಫ್ಟ್‌ವೇರ್ ಕಣ್ಮುಚ್ಚಿ ಗಡಿಯಾರ ಓಡ್ಸತ್ತೆ. ಇಲ್ಲಿ ಹಾಕೋವಾಗ ಕಾರಿನ ಟೈಮರ್ ಆಫ್ ಮಾಡ್ಬಿಡಿ. 80 ಪರ್ಸೆಂಟ್ ಲಿಮಿಟ್ ಇಟ್ಟವ್ರಿಗೂ ಅಷ್ಟೇ, 80ಕ್ಕೆ ನಿಂತು 15 ನಿಮಿಷ ಕಳೆದ ಕೂಡ್ಲೇ ಫೀ ಶುರು.

ಆದ್ರೆ `SuspendedEVSE` ಅಂತ ಬಂದ್ರೆ ನಿಲ್ಸಿದ್ದು ಚಾರ್ಜರೇ. ಲೋಡ್ ಜಾಸ್ತಿ ಆಯ್ತು ಅಂತ ಒಂದು ಗನ್ ತಡೆ ಹಿಡಿದಿರತ್ತೆ. ಆ ಹೊತ್ತಿಗೆ ಒಂದು ಪೈಸೆ ಐಡಲ್ ಫೀ ಕೊಡೋ ಹಾಗಿಲ್ಲ, ನನ್ನ ಪ್ರಕಾರ ನಾವು ಮುಖ್ಯವಾಗಿ ಹಿಡೀಬೇಕಾಗಿರೋದು ಇದನ್ನೇ.

ಮಹೇಶ್ (ಸೆಕ್ರೆಟರಿ)
ಎಲ್ಲಾ ಓದಿದೆ. ಜಾಗ ನಮ್ಮ ಅಸೋಸಿಯೇಷನ್‌ದು, ಅಗ್ರಿಮೆಂಟ್‌ನಲ್ಲಿ ಯೂನಿಟ್ ದರ ಇದೆ, ಐಡಲ್ ಫೀ ಬಗ್ಗೆ "ಕಂಪನಿಯ ನೀತಿಯಂತೆ" ಅಂತ ಒಂದು ಸಾಲು ಬಿಟ್ರೆ ಏನಿಲ್ಲ. ನಾನು ಬರೆಯೋದು ಹೀಗೆ: ಕರೆಂಟ್ ಹೋಗಿ ಹದಿನೈದು ನಿಮಿಷದೊಳಗೆ ಅದೇ ಕಾರ್ ಮತ್ತೆ ಶುರು ಮಾಡಿದ್ರೆ ಒಂದೇ ಸೆಶನ್ ಅಂತ ಹಿಡೀಬೇಕು, ಚಾರ್ಜರೇ ತಡೆದ ಹೊತ್ತಿಗೆ ಫೀ ಬೇಡ, ರಾತ್ರಿ 11ರಿಂದ ಬೆಳಗ್ಗೆ 6ರ ತನಕ ಫೀ ಬೇಡ. ಒಪ್ಪಿಗೆನಾ?

ದೀಪಾ, 2ನೇ ಮೇನ್
ಮೊದಲ ಎರಡು ಒಪ್ಪಿಗೆ. ಮೂರನೇದು ಬೇಡ್ವೇ ಬೇಡ ಸರ್, ನಂಗೆ ಗನ್ ಬೇಕಾಗಿರೋದೇ ಐದಕ್ಕೆ. 4 ಗಂಟೆ ತನಕ ಬೇಕಾದ್ರೆ ಬಿಡಿ.

ಶೈಲಜಾ, 3ನೇ ಕ್ರಾಸ್
ನಾಲ್ಕಕ್ಕೆ ಎದ್ದು ಯಾರು ಗನ್ ತೆಗೀತಾರೆ ದೀಪಾ 🙏 ಫೀ ಇರ್ಲಿ, ಆದ್ರೆ ಒಂದು ರಾತ್ರಿಗೆ 100 ರೂಪಾಯಿಗಿಂತ ಜಾಸ್ತಿ ಹೋಗ್ಬಾರ್ದು ಅಂತ ಮಿತಿ ಹಾಕ್ಸಿ. ಚಾರ್ಜ್ ಮುಗಿದಾಗ ಮೆಸೇಜಿನ ಬದಲು ಫೋನ್ ಕಾಲ್ ಬರೋ ಹಂಗೂ ಕೇಳಿ.

ಪ್ರಶಾಂತ್, 5ನೇ ಕ್ರಾಸ್
ನೂರೇ ಅಂತಾದ್ರೆ ಕೆಲವ್ರು ಅದನ್ನ ಪಾರ್ಕಿಂಗ್ ಬಾಡಿಗೆ ಅಂದ್ಕೊಂಡು ಆರಾಮಾಗಿ ಬಿಟ್ಟು ಮಲಗ್ತಾರೆ, ಅದು ನೆನಪಿರ್ಲಿ.

ಮಹೇಶ್ (ಸೆಕ್ರೆಟರಿ)
ರಾತ್ರಿ ವಿಷ್ಯ ಭಾನುವಾರ ಮೀಟಿಂಗಲ್ಲಿ ಕೂತು ಮಾತಾಡೋಣ. ಮೊದಲ ಎರಡು ಇವತ್ತೇ ಮೇಲ್ ಮಾಡ್ತೀನಿ. ಇಮ್ರಾನ್, ನಿಮ್ಮ ಮೂರು ಸೆಶನ್ ನಂಬರ್ ಕಳ್ಸಿ. ಬೇರೆಯವ್ರದ್ದೂ ಇದ್ರೆ ಬಿಲ್ ಮೊತ್ತ ಮಾತ್ರ ಹಾಕ್ಬೇಡಿ, ಟೈಮ್ ಕಾಣೋ ಸ್ಕ್ರೀನ್‌ಶಾಟೇ ಬೇಕು.