ಸಹಾಯ ಬೇಕು: ಧರ್ಮಸ್ಥಳ ಪಾದಯಾತ್ರೆಗೆ ಅಮ್ಮನಿಗೆ ಸ್ಯಾಂಡಲ್ಲಾ, ಶೂನಾ?

ಎಲ್ಲರಿಗೂ ನಮಸ್ಕಾರ. ಶಿವರಾತ್ರಿಗೆ ಅಮ್ಮ ಮತ್ತು ನಾನು ಮಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆಯುತ್ತೇವೆ. ಸುಮಾರು 75 ಕಿಲೋಮೀಟರ್ ದಾರಿ.

ಕಳೆದ ವರ್ಷ ಅಮ್ಮ ಹೊಸ ಶೂ ಹಾಕಿ ಹೊರಟಿದ್ದರು. ಬಿ.ಸಿ. ರೋಡ್ ತಲುಪುವಾಗ ಹಿಮ್ಮಡಿಯಲ್ಲಿ ದೊಡ್ಡ ಬೊಬ್ಬೆ. ಫರಂಗಿಪೇಟೆಯಲ್ಲೇ ಅಲ್ಲಿ ಉರಿ ಶುರುವಾಗಿತ್ತಂತೆ, ಹೇಳಲಿಲ್ಲ. ಆಗಲೇ ನಿಂತು, ಬೆವರು ಒರೆಸಿ, ಟೇಪ್ ಅಂಟಿಸಿದ್ದರೆ ಬೊಬ್ಬೆ ಏಳುತ್ತಿರಲಿಲ್ಲವೇನೋ. ನಡೆದಂತೆ ಪಾದ ಊದುತ್ತದೆ. ಬೆಳಿಗ್ಗೆ ಅಂಗಡಿಯಲ್ಲಿ ಸರಿಯಾಗಿದ್ದ ಶೂ ಮಧ್ಯಾಹ್ನ ಬಿಗಿಯಾಗಿತ್ತು. ಈ ಸಲ ಸಂಜೆ ಹೋಗಿ, ಕಾಲ್ಚೀಲ ಹಾಕಿಯೇ ನೋಡಿ, ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರುವುದನ್ನೇ ತರುತ್ತೇನೆ. ಎರಡು ಮೂರು ವಾರ ಹಾಕಿ ಪಳಗಿಸಲೂಬೇಕು.

ಹಿಮ್ಮಡಿ ಪಟ್ಟಿ ಇರುವ ಸ್ಯಾಂಡಲ್‌ನಲ್ಲಿ ಗಾಳಿಯಾಡುತ್ತದೆ, ಊದಿದರೆ ಪಟ್ಟಿ ಸಡಿಲಿಸಬಹುದು. ಆದರೆ ಮರಳು ನುಗ್ಗುತ್ತದೆ, ಪಟ್ಟಿ ಉಜ್ಜುತ್ತದೆ. ತೆಳು ಕಾಲ್ಚೀಲ ಹಾಕಿದರೆ ಸಾಕಾ? ಬಿಸಿ ಡಾಂಬರಿಗೆ ದಪ್ಪ ಸೋಲ್ ಬೇಕೇ ಬೇಕು. ತೀರಾ ಮೆತ್ತಗಿದ್ದರೆ ಸ್ವಲ್ಪ ದೂರಕ್ಕೇ ಅದುಮಿಹೋಗಿ ಗಟ್ಟಿ ನೆಲವೇ ತಾಗುತ್ತದೆ, ಅಲ್ವಾ?

ಇನ್ನೊಂದು ವಿಷಯ. ಅಮ್ಮನಿಗೆ ಶುಗರ್ ಇದೆ. ಹಾಗಾಗಿ ಬೊಬ್ಬೆ ಎದ್ದರೆ ಸೂಜಿ ಚುಚ್ಚುವುದಿಲ್ಲ. ತೊಳೆದು, ಮುಚ್ಚಿ, ಡಾಕ್ಟರಿಗೆ ತೋರಿಸುತ್ತೇನೆ. ಬೆವರಿದರೂ ಬಿಡದ ಟೇಪ್ ಯಾವುದು? ಶುಗರ್ ಇರುವವರನ್ನು ಕರೆದುಕೊಂಡು ನಡೆದವರು ಸ್ಯಾಂಡಲ್ ಹಾಕಿಸಿದಿರಾ, ಶೂನಾ? ದಯವಿಟ್ಟು ತಿಳಿಸಿ.