‘ತಾಂತ್ರಿಕ: 70’ ಅಂದರೆ ಏನು? ಟೆಂಡರ್ ಸಾರಾಂಶದಲ್ಲಿ ‘ವೈಟೇಜ್’ಗೆ ಕನ್ನಡ ಪದ

ಪ್ರಶ್ನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಸರ್ವೆ, ನಕ್ಷೆ ಕೆಲಸದ ಸಣ್ಣ ತಂಡ. ಟೆಂಡರ್ ದಾಖಲೆ ಇಂಗ್ಲಿಷಿನಲ್ಲಿ ನೂರು ಪುಟ ದಾಟಿರುತ್ತದೆ. ಫೀಲ್ಡಿನಲ್ಲಿರುವವರು, ದರ ಹಾಕುವವರು, ಕಾಗದಪತ್ರ ಜೋಡಿಸುವವರು ಎಲ್ಲರೂ ಅದನ್ನು ಓದುತ್ತಾ ಕೂರಲಾಗದು. ಅದಕ್ಕೇ ಅರ್ಹತೆ, ದಿನಾಂಕ, ಸಲ್ಲಿಕೆ, ಮೌಲ್ಯಮಾಪನ ಎಂದು ನಾಲ್ಕು ಭಾಗ ಮಾಡಿ ಎರಡು ಪುಟದ ಕನ್ನಡ ಸಾರಾಂಶ ಬರೆಯುತ್ತೇನೆ.

ಈಗ ಕೈಯಲ್ಲಿರುವುದು ಒಂದು ನಗರ ಸ್ಥಳೀಯ ಸಂಸ್ಥೆಯ ಆಸ್ತಿ ಸಮೀಕ್ಷೆಯ ಟೆಂಡರ್. ಕರಡಿನಲ್ಲಿ ‘ತಾಂತ್ರಿಕ: 70’ ಎಂಬ ಸಾಲಿದೆ. ಅದನ್ನು ಒಬ್ಬರು ‘70 ಅಂಕ ಬಂದರೆ ಪಾಸು’ ಎಂದು ಓದಿದರು, ಇನ್ನೊಬ್ಬರು ‘ಒಟ್ಟು ಲೆಕ್ಕದಲ್ಲಿ ತಾಂತ್ರಿಕಕ್ಕೆ ಶೇ 70’ ಎಂದು ಓದಿದರು. ದಾಖಲೆಯಲ್ಲಿ ಎರಡೂ ಇವೆ! ತಾಂತ್ರಿಕ ಅಂಕ ನೂರಕ್ಕೆ 70 ಮುಟ್ಟದಿದ್ದರೆ ದರದ ಲಕೋಟೆಯನ್ನೇ ತೆರೆಯುವುದಿಲ್ಲ. ಮುಟ್ಟಿದರೆ ತಾಂತ್ರಿಕಕ್ಕೆ ಶೇ 70, ದರಕ್ಕೆ ಶೇ 30 ಹಾಕಿ ಕೂಡುತ್ತಾರೆ. ಮೊದಲನೆಯದಕ್ಕೆ ‘ಅರ್ಹತಾ ಅಂಕ’ ಎಂದರೆ ‘ಅರ್ಹತೆ’ ಭಾಗದ ಜೊತೆ ಗೊಂದಲ. ಎರಡನೆಯದಕ್ಕೆ, ಅಂದರೆ ವೈಟೇಜ್‌ಗೆ, ಯಾವ ಪದ ಹಾಕಲಿ? ನೋಡಿದ ಕೂಡಲೇ ಅರ್ಥವಾಗುವಂಥದು ಬೇಕು.

ಉತ್ತರ (ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಹರಿಹರ)

ಇದಕ್ಕೆ ‘ಕೃಪಾಂಕ’ ಎಂಬ ಪದ ಆಗಲೇ ಚಾಲ್ತಿಯಲ್ಲಿದೆಯಲ್ಲ. ನೇಮಕಾತಿಯಲ್ಲಿ ರೂರಲ್ ವೈಟೇಜನ್ನು ‘ಗ್ರಾಮೀಣ ಕೃಪಾಂಕ’ ಎಂದೇ ಪತ್ರಿಕೆಗಳು ಬರೆದವು, ಜನರೂ ಹಾಗೇ ಕರೆದರು. ಹೊಸ ಪದ ಕಟ್ಟುವ ಅಗತ್ಯವಿಲ್ಲ.

ಉತ್ತರ (ಗುತ್ತಿಗೆದಾರರ ಕಚೇರಿ, ಚಿತ್ರದುರ್ಗ)

ಟೆಂಡರ್‌ನಲ್ಲಿ ವೈಟೇಜ್ ಎಲ್ಲಿಂದ ಬಂತು ಸರ್? ತಾಂತ್ರಿಕ ಲಕೋಟೆಯಲ್ಲಿ ಪಾಸಾದವರ ಪೈಕಿ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರ ಹಾಕಿದವರು ಯಾರೋ ಅವರಿಗೆ ಕೆಲಸ. ನಾನು ಇಷ್ಟು ವರ್ಷ ನೋಡಿದ ರಸ್ತೆ, ಚರಂಡಿ ಟೆಂಡರ್‌ಗಳೆಲ್ಲ ಹೀಗೇ. ನಮ್ಮ ತಲೆನೋವು ಬೇರೆ, ಬಿಡ್ ಕೆಪ್ಯಾಸಿಟಿ, ಅಂದರೆ ಇನ್ನೆಷ್ಟು ಮೊತ್ತದ ಕೆಲಸಕ್ಕೆ ಟೆಂಡರ್ ಹಾಕಬಹುದು ಎಂಬ ಲೆಕ್ಕ. ಕಳೆದ 5 ವರ್ಷದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ವರ್ಷದ ಮೊತ್ತ ನಮಗೆ 4 ಕೋಟಿ. ಈ ಕೆಲಸದ ಅವಧಿ 1 ವರ್ಷ. 4 ಕೋಟಿಗೆ ಒಂದೂವರೆ ಪಟ್ಟು 6 ಕೋಟಿ ಆಯಿತು, ಅದರಲ್ಲಿ ಕೈಯಲ್ಲಿರುವ ಬಾಕಿ ಕೆಲಸ ಮೂರೂವರೆ ಕೋಟಿ ಕಳೆದರೆ ಉಳಿದದ್ದು ಎರಡೂವರೆ. ಟೆಂಡರ್ ಮೊತ್ತ 2.8 ಕೋಟಿ ಇದ್ದುದರಿಂದ ಹಾಕಲೇ ಇಲ್ಲ. ಇದನ್ನು ಸಾರಾಂಶದಲ್ಲಿ ಎಲ್ಲಿ ಬರೆಯಬೇಕು? ‘ಸಾಮರ್ಥ್ಯ’ ಎಂದು ಬೇರೆ ತಲೆಬರಹ ಬೇಕೇ?

ಉತ್ತರ (ಟೆಂಡರ್ ಪರಿಶೀಲನೆ ಮಾಡುತ್ತಿದ್ದ ನಿವೃತ್ತ ಎಂಜಿನಿಯರ್, ದಾವಣಗೆರೆ)

ಚಿತ್ರದುರ್ಗದವರು ಹೇಳಿದ್ದು ಕಾಮಗಾರಿಗೆ ನಿಜ. ಅಲ್ಲಿ ಅಂಕವಿಲ್ಲ; ಷರತ್ತು ಪೂರೈಸಿದ್ದೀರೋ ಇಲ್ಲವೋ ಅಷ್ಟೇ, ಆಮೇಲೆ ಕಡಿಮೆ ದರ. ಬಿಡ್ ಕೆಪ್ಯಾಸಿಟಿಯೂ ಅಂಥದ್ದೇ ಷರತ್ತು, ಆದ್ದರಿಂದ ಅದು ‘ಅರ್ಹತೆ’ಯಲ್ಲೇ ಇರಲಿ, ಮೊದಲ ಸಾಲಿನಲ್ಲಿ. ಪ್ರಶ್ನೆ ಕೇಳಿದವರದು ಸಲಹಾ ಸೇವೆ. ಅಲ್ಲಿ ಕ್ಯೂಸಿಬಿಎಸ್ ಎಂಬ ಆಯ್ಕೆ ಪದ್ಧತಿ ಇದ್ದರೆ ಗುಣಮಟ್ಟ, ದರ ಎರಡನ್ನೂ ಅಂಕವಾಗಿಸಿ ಕೂಡುತ್ತಾರೆ.

ಮೇಷ್ಟ್ರೇ, ‘ಕೃಪಾಂಕ’ ಇಲ್ಲಿ ಹೊಂದದು. ಅದು ಇರುವ ಅಂಕದ ಮೇಲೆ ಕೊಡುವ ಹೆಚ್ಚುವರಿ ಅಂಕ. ಇಲ್ಲಿ ಯಾರೂ ಏನೂ ಹೆಚ್ಚಿಗೆ ಕೊಡುವುದಿಲ್ಲ, ಬಂದ ಅಂಕ ಅಂತಿಮ ಲೆಕ್ಕದೊಳಗೆ ಎಷ್ಟು ಭಾಗ ಹೋಗುತ್ತದೆ ಎಂಬುದಷ್ಟೇ. ಅದಕ್ಕೆ ನಾನು ‘ಪಾಲು’ ಎನ್ನುತ್ತೇನೆ.

ಲೆಕ್ಕ ಮಾಡಿ ತೋರಿಸುತ್ತೇನೆ, ಅಂಕಿಗಳು ಉದಾಹರಣೆಗೆ ಮಾತ್ರ. ನಿಮಗೆ ತಾಂತ್ರಿಕ ಅಂಕ 82, ದರ 24 ಲಕ್ಷ. ಎದುರಾಳಿಗೆ 74, ದರ 20 ಲಕ್ಷ. ಕಡಿಮೆ ದರದವರಿಗೆ ದರದ ಅಂಕ ಪೂರ್ತಿ 100. ಉಳಿದವರಿಗೆ ಕಡಿಮೆ ದರವನ್ನು ಅವರ ದರದಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ, ಹಾಗಾಗಿ ನಿಮ್ಮದು 83.33. ಪಾಲು 70:30 ಇದ್ದರೆ ನಿಮ್ಮ ಒಟ್ಟು 57.4 ಮತ್ತು 25 ಸೇರಿ 82.4. ಅವರದು 51.8 ಮತ್ತು 30 ಸೇರಿ 81.8. ಕೆಲಸ ನಿಮಗೆ. ಇದೇ ಅಂಕಿಗಳಿಗೆ 60:40 ಹಾಕಿ ನೋಡಿ: ನಿಮ್ಮದು 82.5, ಅವರದು 84.4. ಕೆಲಸ ಅವರಿಗೆ.

‘70 ಬಂದರೆ ಪಾಸು’ ಎಂದು ಓದಿದವರು 72 ಬರುವಷ್ಟು ಕಾಗದ ಜೋಡಿಸಿ ನಿಲ್ಲಿಸುತ್ತಾರೆ, ಆಮೇಲೆ ದರದಲ್ಲಿ ಎಳೆದಾಡುತ್ತಾರೆ. ನಷ್ಟ ಅಲ್ಲಿದೆ. ಒಂದು ಹೆಚ್ಚುವರಿ ಅನುಭವ ಪತ್ರಕ್ಕೆ 5 ಅಂಕ ಇದ್ದರೆ ಅದು ಅಂತಿಮ ಲೆಕ್ಕದಲ್ಲಿ ಮೂರೂವರೆ. ಮೇಲಿನ ಉದಾಹರಣೆಯಲ್ಲಿ ಅಷ್ಟನ್ನೇ ದರದಿಂದ ಗಳಿಸಬೇಕಾದರೆ 24 ಲಕ್ಷದಿಂದ ಹೆಚ್ಚುಕಡಿಮೆ 21 ಲಕ್ಷಕ್ಕೆ ಇಳಿಯಬೇಕು. ಒಂದು ಕಾಗದ ಹುಡುಕುವುದೋ, 3 ಲಕ್ಷ ಬಿಡುವುದೋ? ಇದು ನಿಮ್ಮ ಸಾರಾಂಶ ನೋಡಿದವರಿಗೆ ಹೊಳೆಯಬೇಕು.

ಇನ್ನೊಂದು. ಅನುಭವ ಎರಡು ಕಡೆ ಬರುತ್ತದೆ. ‘ಇಂಥ 3 ಕೆಲಸ ಮಾಡಿರಬೇಕು’ ಎಂಬುದು ಅರ್ಹತೆ. ಆ ಮೂರರ ಮೇಲಿನ ಪ್ರತಿ ಕೆಲಸಕ್ಕೆ ಅಂಕ ಎಂಬುದು ಮೌಲ್ಯಮಾಪನ. ಇವೆರಡನ್ನು ‘ಅನುಭವ: 3 ಕೆಲಸ’ ಎಂದು ಒಂದೇ ಸಾಲಿಗೆ ಇಳಿಸಿದರೆ ನಾಲ್ಕನೆಯ ಪತ್ರವನ್ನು ಯಾರೂ ಹುಡುಕುವುದಿಲ್ಲ. ಪಾಲಿನ ಅಂಕಿಯನ್ನು ಸಾಮಾನ್ಯ ಸೂಚನೆಗಳ ಅಧ್ಯಾಯದಿಂದ ಎತ್ತಬೇಡಿ, ಡೇಟಾ ಶೀಟ್ ನೋಡಿ. ಸಾಮಾನ್ಯವಾಗಿ ಈ ಕೆಲಸದ ನಿಜವಾದ ಅಂಕಿ ಅಲ್ಲಿರುತ್ತದೆ. ಪೋರ್ಟಲ್‌ನಲ್ಲಿ ತಿದ್ದುಪಡಿ ಬಂದಿದ್ದರೆ ಅದೇ ಕೊನೆಯ ಮಾತು. ಸಾರಾಂಶದ ಪ್ರತಿ ಅಂಕಿಯ ಪಕ್ಕ ಪುಟಸಂಖ್ಯೆ ಹಾಕಿದರೆ ತಿದ್ದುಪಡಿ ಬಂದ ದಿನ ಯಾವ ಸಾಲು ಬದಲಿಸಬೇಕು ಎಂದು ಗೊತ್ತಾಗುತ್ತದೆ.

ಉತ್ತರ (ಹರಿಹರ)

ಸರ್, ಲೆಕ್ಕ ನೋಡಿದ ಮೇಲೆ ಒಪ್ಪಿದೆ. ಆದರೆ ‘ಪಾಲು’ ಎಂದರೆ ಪಾರ್ಟ್ನರ್‌ಶಿಪ್ಪಿನ ನೆನಪು ಬರುತ್ತದೆ. ಇಬ್ಬರು ಸೇರಿ ಜಂಟಿಯಾಗಿ ಹಾಕುವ ಟೆಂಡರ್‌ನಲ್ಲಿ ‘ಪಾಲು 70:30’ ಎಂದು ಕಂಡರೆ ನಾನಂತೂ ಲಾಭದ ಹಂಚಿಕೆ ಎಂದೇ ಓದುತ್ತೇನೆ. ‘ತೂಕ’ ಏಕೆ ಬೇಡ? ‘ಅವರ ಮಾತಿಗೆ ತೂಕ ಜಾಸ್ತಿ’ ಎನ್ನುವುದಿಲ್ಲವೇ?

ಪ್ರಶ್ನೆ ಕೇಳಿದವರು (ದಾವಣಗೆರೆ)

ಜಂಟಿ ಟೆಂಡರ್ ವಿಷಯ ನನಗೆ ಹೊಳೆದಿರಲಿಲ್ಲ, ಮೇಷ್ಟ್ರು ಹೇಳಿದ್ದು ಸರಿ. ‘ತೂಕ’ ಮಾತಿನಲ್ಲಿ ಚೆನ್ನ, ಆದರೆ ‘ತಾಂತ್ರಿಕ ತೂಕ 70’ ಎಂದು ಬರೆದರೆ ಮತ್ತೆ ಅದು ಅಂಕವೋ ಶೇಕಡವೋ ತಿಳಿಯದು. ಸದ್ಯಕ್ಕೆ ಒಂದೇ ಪದದ ಬದಲು ಇಡೀ ಸಾಲು ಹೀಗೆ ಬರೆದಿದ್ದೇನೆ:

‘ತಾಂತ್ರಿಕ ಅಂಕ ನೂರಕ್ಕೆ ಕನಿಷ್ಠ 70 ಬರಬೇಕು, ಇಲ್ಲದಿದ್ದರೆ ದರದ ಲಕೋಟೆ ತೆರೆಯುವುದಿಲ್ಲ. ಅಂತಿಮ ಅಂಕದಲ್ಲಿ ತಾಂತ್ರಿಕದ ಪಾಲು ಶೇ 70, ದರದ ಪಾಲು ಶೇ 30.’

‘ಅಂತಿಮ ಅಂಕದಲ್ಲಿ’ ಎಂಬುದು ಮುಂದೆ ಇರುವುದರಿಂದ ಲಾಭದ ಪಾಲು ಎಂದು ಓದಲಾಗದು ಎಂದುಕೊಂಡಿದ್ದೇನೆ. ದರ ಹಾಕುವವರಿಗೆ ತೋರಿಸಿದೆ, ಈ ಸಲ ಪ್ರಶ್ನೆ ಬರಲಿಲ್ಲ. ನಾಲ್ಕನೆಯ ಅನುಭವ ಪತ್ರಕ್ಕೆ ಹಳೆಯ ಗ್ರಾಹಕರ ಕಚೇರಿಗೆ ನಾಳೆಯೇ ಹೋಗುತ್ತಿದ್ದೇವೆ. ಉಳಿದದ್ದು ಒಂದು: ಎಲಿಜಿಬಿಲಿಟಿ, ಕ್ವಾಲಿಫಿಕೇಶನ್ ಎಂದು ಈ ದಾಖಲೆಯಲ್ಲಿ ಎರಡು ಬೇರೆ ಅಧ್ಯಾಯಗಳಿವೆ. ಎರಡಕ್ಕೂ ‘ಅರ್ಹತೆ’ಯೇ ಗತಿಯೇ?

ಉತ್ತರ (ಗುತ್ತಿಗೆದಾರರ ಕಚೇರಿ, ಚಿತ್ರದುರ್ಗ)

ನಾವು ಮೊದಲನೆಯದಕ್ಕೆ ‘ಯಾರು ಹಾಕಬಹುದು’, ಎರಡನೆಯದಕ್ಕೆ ‘ಏನೇನು ಇರಬೇಕು’ ಎಂದು ಬರೆದುಕೊಳ್ಳುತ್ತೇವೆ. ನೋಂದಣಿ, ಬ್ಲ್ಯಾಕ್‌ಲಿಸ್ಟ್ ಆಗಿಲ್ಲ ಎಂಬುದೆಲ್ಲ ಮೊದಲನೆಯದರಲ್ಲಿ. ಟರ್ನೋವರ್, ಯಂತ್ರ, ಅನುಭವ ಎರಡನೆಯದರಲ್ಲಿ. ಪದ ಅಲ್ಲ, ಆದರೆ ನಮ್ಮ ಹುಡುಗರಿಗೆ ಅರ್ಥವಾಗುತ್ತದೆ.

ಉತ್ತರ (ನಿವೃತ್ತ ಎಂಜಿನಿಯರ್)

ತಂಡದೊಳಗಿನ ಸಾರಾಂಶಕ್ಕೆ ಅದು ಸಾಕು. ಅಚ್ಚಾಗುವ ಟೆಂಡರ್ ಪ್ರಕಟಣೆಗೆ ಮಾತ್ರ ಎರಡು ಬೇರೆ ಪದಗಳು ಬೇಕೇ ಬೇಕು. ನನ್ನ ಬಳಿ ಒಳ್ಳೆಯದು ಇಲ್ಲ; ಯಾರಿಗಾದರೂ ಹೊಳೆದರೆ ಬರೆಯಿರಿ.